ಮಗ್ಗುಲು ಬದಲಿಸಿದರೂ ರಾತ್ರಿ ಸೊಂಟದ ಪಕ್ಕದ ನೋವು ಹೋಗುತ್ತಿಲ್ಲ

ಶಿಡ್ಲಘಟ್ಟದ ಗೃಹಿಣಿ:
ನನಗೆ 52 ವರ್ಷ, ಸಕ್ಕರೆ ಕಾಯಿಲೆ ಇದೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಬಲತೊಡೆಯ ಮೇಲ್ಭಾಗದಲ್ಲಿ, ಪಕ್ಕದಿಂದ ಒತ್ತಿದರೆ ಕೈಗೆ ಗಟ್ಟಿಯಾಗಿ ಸಿಗುವ ಮೂಳೆಯ ಮೇಲೆ ಕೆಲವು ತಿಂಗಳಿಂದ ನೋವು. ಬಲಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತದೆ. ಎಡಕ್ಕೆ ತಿರುಗಿ ಮಲಗಿದರೂ ಬೆಳಗಿನ ಜಾವಕ್ಕೆ ಅದೇ ಬಲಗಡೆ ನೋಯುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂಳೆಯ ಮೇಲಿನ ನೀರಿನ ಚೀಲ ಊದಿರಬೇಕು ಎಂದರು. ವಿಡಿಯೋ ನೋಡಿ, ಬಲಗಾಲನ್ನು ಎಡಗಾಲಿನ ಹಿಂದಿನಿಂದ ಆಚೆ ಸರಿಸಿ ಪಕ್ಕಕ್ಕೆ ಬಾಗುವ ವ್ಯಾಯಾಮ ಮಾಡುತ್ತಿದ್ದೇನೆ, ಆದರೆ ನೋವು ಹೆಚ್ಚಿದೆ. ಮೇಲಿರುವ ಕಾಲು ಯಾಕೆ ನೋಯುತ್ತದೆ?

ಕೋಲಾರದ ನಿವೃತ್ತ ಶಿಕ್ಷಕ:
ಅಮ್ಮಾ, ನನಗೂ ಹೀಗೆಯೇ ಇತ್ತು. ಬೆನ್ನುಮೂಳೆಯ ನರ ಒತ್ತಿಕೊಂಡು ಮೀನಖಂಡ ದಾಟಿ ಪಾದದವರೆಗೂ ಜುಮ್ಮೆನ್ನುತ್ತಿತ್ತು. ತಡಮಾಡದೆ ಬೆನ್ನಿನ ಎಂಆರ್‌ಐ ಮಾಡಿಸಿ.

ಚಿಂತಾಮಣಿಯ ಓದುಗಿ:
ನಮ್ಮ ಅಕ್ಕನಿಗೆ ಇದೇ ಜಾಗದಲ್ಲಿ ನೋವಿತ್ತು, ಒಂದು ಸ್ಟೀರಾಯ್ಡ್ ಇಂಜೆಕ್ಷನ್‌ಗೆ ವಾರದೊಳಗೆ ಇಳಿಯಿತು. ನೀರಿನ ಚೀಲದ ಊತವೇ ಇದಕ್ಕೆ ಮೂಲ. ಇಂಜೆಕ್ಷನ್ ತೆಗೆದುಕೊಂಡು, ಪೂರ್ತಿ ವಿಶ್ರಾಂತಿ ಪಡೆಯಿರಿ, ಬಾಗುವ ವ್ಯಾಯಾಮವನ್ನು ಮಾತ್ರ ಬಿಡಬೇಡಿ.

ತುಮಕೂರಿನ ಫಿಸಿಯೋಥೆರಪಿಸ್ಟ್:
ಮೇಷ್ಟ್ರೇ, ನೀವು ಹೇಳಿದ್ದು ಬೆನ್ನಿನ ನರದ ಲಕ್ಷಣ. ಇವರಿಗೆ ನೋವು ಒಂದೇ ಜಾಗದಲ್ಲಿದೆ, ಜುಮ್ಮೆನ್ನುವ ಮಾತೂ ಇಲ್ಲ. ನೀರಿನ ಚೀಲದ ಊತವೂ ಇರಬಹುದು, ಆದರೆ ಈ ವಯಸ್ಸಿನ ಹೆಂಗಸರಲ್ಲಿ ಹೆಚ್ಚಾಗಿ ಕೆಟ್ಟಿರುವುದು ಪೃಷ್ಠದ ಸ್ನಾಯುವನ್ನು ಆ ಮೂಳೆಗೆ ಕಟ್ಟಿರುವ ಸ್ನಾಯುರಜ್ಜು.

ಬಾವಿಯ ಹಗ್ಗ ರಾಟೆಯನ್ನು ಹೆಚ್ಚು ಸುತ್ತಿಕೊಂಡಷ್ಟೂ ಅದರ ಮೇಲೆ ಒತ್ತಡ ಹೆಚ್ಚುವಂತೆ, ತೊಡೆ ದೇಹದ ನಡುಗೆರೆಯತ್ತ ಅಥವಾ ಅದನ್ನು ದಾಟಿ ಹೋದಷ್ಟೂ ಈ ರಜ್ಜು ಮೂಳೆಯ ಮೇಲೆ ಅದುಮಿಕೊಳ್ಳುತ್ತದೆ. ಎಡಮಗ್ಗುಲಿಗೆ ಮಲಗಿದಾಗ ನಿಮ್ಮ ಬಲ ಮಂಡಿ ಮುಂದಕ್ಕೆ ಜಾರಿ ಹಾಸಿಗೆಗೆ ತಾಗುತ್ತದೆ. ಆಗ ಮೈಭಾರ ಇಲ್ಲದಿದ್ದರೂ ರಜ್ಜು ಗಂಟೆಗಟ್ಟಲೆ ಅದುಮಿಕೊಂಡೇ ಇರುತ್ತದೆ. ನೀವು ಮಾಡುತ್ತಿರುವ ವ್ಯಾಯಾಮವೂ ತೊಡೆಯನ್ನು ಅದೇ ಸ್ಥಿತಿಗೆ ತರುವುದರಿಂದ ಅದನ್ನು ಇಂದೇ ನಿಲ್ಲಿಸಿ.

ಮಂಡಿಗಳ ನಡುವೆ ಸಣ್ಣ ದಿಂಬು ಸಾಲದು. ಮೇಲಿನ ಮಂಡಿ ಸೊಂಟದ ಎತ್ತರಕ್ಕೆ ಬರುವಷ್ಟು ದಿಂಬುಗಳಿರಲಿ, ಪಾದಕ್ಕೂ ಆಸರೆ ಇರಲಿ. ಇಲ್ಲವಾದರೆ ಮಂಡಿಗಳ ಕೆಳಗೆ ದಿಂಬಿಟ್ಟು ಅಂಗಾತ ಮಲಗಿ. ಚಾಪೆಯ ಮೇಲೆ ಮಲಗುವುದಾದರೆ ದಪ್ಪ ಕಂಬಳಿ ಮಡಚಿ ಹಾಸಿ.

ಎರಡು ವಿಷಯ ತಿಳಿಸಿ. ಗೋಡೆಗೆ ಬೆರಳು ತಾಗಿಸಿ ಬಲಗಾಲೊಂದರಲ್ಲೇ 30 ಸೆಕೆಂಡ್ ನಿಂತರೆ ಅದೇ ಜಾಗ ನೋಯುತ್ತದೆಯೇ? ಬಲಗಾಲಿಗೆ ಚಪ್ಪಲಿ ಹಾಕಲು, ಉಗುರು ಕತ್ತರಿಸಲು ಕಷ್ಟವಿದೆಯೇ, ತೊಡೆಸಂದಿಯಲ್ಲಿ ನೋವಿದೆಯೇ?

ಶಿಡ್ಲಘಟ್ಟದ ಗೃಹಿಣಿ:
ಒಂಟಿಕಾಲಲ್ಲಿ ನಿಂತು ಸ್ವಲ್ಪ ಹೊತ್ತಿಗೇ ಅದೇ ಮೂಳೆಯ ಮೇಲೆ ನೋವು ಬಂತು. ಉಗುರು ಕತ್ತರಿಸಲು ತೊಂದರೆ ಇಲ್ಲ, ತೊಡೆಸಂದಿಯಲ್ಲೂ ನೋವಿಲ್ಲ. ದಿಂಬು ಇಟ್ಟ ಮೇಲೆ ಬೆಳಗಿನ ಜಾವದ ನೋವು ಕಡಿಮೆಯಾಗಿದೆ. ಆದರೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವಾಗ ಹಗಲೂ ನೋಯುತ್ತದೆ. ಹಾಗಾದರೆ ವಿಶ್ರಾಂತಿ ಬೇಡವೇ?

ತುಮಕೂರಿನ ಫಿಸಿಯೋಥೆರಪಿಸ್ಟ್:
ಕೀಲಿನ ಸವೆತಕ್ಕಿಂತ ರಜ್ಜಿನ ಕಡೆಗೇ ಇದು ಬೆರಳು ತೋರಿಸುತ್ತದೆ, ಆದರೂ ಕೈಯಿಂದ ಪರೀಕ್ಷಿಸದೆ ಖಚಿತವಾಗಿ ಹೇಳಲಾರೆ. ತಟ್ಟೆಗಳ ಮುಂದೆ ನಿಂತಾಗ ಬಲಗಾಲಿನ ಮೇಲೇ ಭಾರ ಹಾಕಿ ಸೊಂಟವನ್ನು ಪಕ್ಕಕ್ಕೆ ಬಿಡುತ್ತೀರಾ ಎಂದು ಗಮನಿಸಿ. ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಹೋಗುವುದು, ನೆಲದಲ್ಲಿ ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಮಡಚಿ ಕೂರುವುದು, ಇವೂ ಅದುಮುತ್ತವೆ.

ಪೂರ್ತಿ ವಿಶ್ರಾಂತಿಯಿಂದ ಸ್ನಾಯು ಮತ್ತಷ್ಟು ಸೋಲುತ್ತದೆ. ಅಂಗಾತ ಮಲಗಿ, ಮಂಡಿ ಮಡಚಿ, ತೊಡೆಗಳ ಸುತ್ತ ವೇಲ್ ಕಟ್ಟಿಕೊಂಡು, ನೋವು ಹೆಚ್ಚದಷ್ಟು ಮೆಲ್ಲಗೆ ಅದನ್ನು ಹೊರಕ್ಕೆ ಒತ್ತಿ ಕೆಲವು ಕ್ಷಣ ಹಿಡಿಯಿರಿ. ಅದು ಸಲೀಸಾದ ಮೇಲೆ ಸೊಂಟ ಮೇಲೆತ್ತುವುದು, ಆಮೇಲೆ ಕುರ್ಚಿಯಿಂದ ನಿಧಾನವಾಗಿ ಏಳುವುದು. ಆ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಹಿಂದಿನ ಹಂತಕ್ಕೆ ಬನ್ನಿ. ಎರಡು ತಿಂಗಳಾದರೂ ಬಿಡದೆ ಮಾಡಬೇಕಾದ ಕೆಲಸವಿದು.

ಚಿಂತಾಮಣಿಯ ಓದುಗಿ:
ಹಾಗಾದರೆ ಇಂಜೆಕ್ಷನ್ ತಪ್ಪೇ? ಅಕ್ಕನಿಗೆ ಗುಣವಾದದ್ದು ಸುಳ್ಳಲ್ಲ, ವರ್ಷವಾದ ಮೇಲೆ ಮತ್ತೆ ಬಂದಿದೆ ಎಂಬುದೂ ನಿಜ.

ತುಮಕೂರಿನ ಫಿಸಿಯೋಥೆರಪಿಸ್ಟ್:
ತಪ್ಪೆನ್ನಲಾರೆ. ಆಸ್ಟ್ರೇಲಿಯಾದಲ್ಲಿ 204 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 8 ವಾರಗಳ ಹೊತ್ತಿಗೆ ತಿಳಿವಳಿಕೆ ಮತ್ತು ವ್ಯಾಯಾಮ ಪಡೆದವರ ಪೈಕಿ ಸುಮಾರು ಶೇ. 77ರಷ್ಟು, ಇಂಜೆಕ್ಷನ್ ಪಡೆದವರ ಪೈಕಿ ಸುಮಾರು ಶೇ. 58ರಷ್ಟು ಜನ ಸುಧಾರಿಸಿದ್ದರು. ನೋವಿನಿಂದ ವ್ಯಾಯಾಮವನ್ನೇ ಮಾಡಲಾಗದವರಿಗೆ ಇಂಜೆಕ್ಷನ್ ಬಿಡುವು ಕೊಡಬಹುದು. ಆದರೆ ಸಕ್ಕರೆ ಕಾಯಿಲೆಯವರಿಗೆ ಅದರ ನಂತರ ಕೆಲವು ದಿನ ಸಕ್ಕರೆ ಏರುತ್ತದೆ, ಆದ್ದರಿಂದ ವೈದ್ಯರಿಗೆ ಮೊದಲೇ ಹೇಳಬೇಕು. ನಡೆಯುವಾಗ ಸೊಂಟ ಒಂದು ಕಡೆಗೆ ವಾಲತೊಡಗಿದರೆ ಅಥವಾ ಮಲಗಿ ಕಾಲನ್ನು ಪಕ್ಕಕ್ಕೆ ಎತ್ತಲು ಬಲವೇ ಸಾಲದಿದ್ದರೆ ರಜ್ಜು ಹರಿದಿರಬಹುದು, ಆಗ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕಾಗುತ್ತದೆ. ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಹೇಗೆ ಮಲಗಿದರೂ ತಗ್ಗದ ನೋವಿದ್ದರೆ ವ್ಯಾಯಾಮಕ್ಕೆ ಕೈಹಾಕದೆ ನೇರವಾಗಿ ವೈದ್ಯರನ್ನು ಕಾಣಿರಿ.