ಅಪ್‌ಡೇಟ್: ಡೆಂಗಿ ಜ್ವರ ಇಳಿದ ಮೇಲೆ ಎದ್ದ ಕೆಂಪು ಚುಕ್ಕೆಗಳು

ನಾನು ಕೇಳಿದ್ದು: "ತಮ್ಮನಿಗೆ ಡೆಂಗಿ. ಜ್ವರ ಇಳಿದಿದೆ, ಆದರೆ ಕಾಲಿನ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳೆದ್ದಿವೆ. ಇದು ಅಪಾಯವೇ?"

ತಮ್ಮ ಈಗ ಚೇತರಿಸಿಕೊಂಡಿದ್ದಾನೆ. ಜ್ವರದ ಆರಂಭದಲ್ಲಿ ಅವನ ಮುಖ, ಎದೆ ಕೆಂಪೇರಿದ್ದಾಗ ಬೆರಳಿನಿಂದ ಒತ್ತಿದರೆ ಆ ಕೆಂಪು ಮಾಯವಾಗಿ ಮತ್ತೆ ಬರುತ್ತಿತ್ತು. ಈ ಚುಕ್ಕೆಗಳಾದರೋ ಗಾಜಿನ ಲೋಟವನ್ನು ಒತ್ತಿ ನೋಡಿದರೂ ಹಾಗೆಯೇ ಉಳಿದವು. ಚರ್ಮದೊಳಗೆ ಸೂಕ್ಷ್ಮವಾಗಿ ರಕ್ತ ಜಿನುಗಿದರೆ ಹೀಗಾಗುತ್ತದೆ, ಡೆಂಗಿಯಲ್ಲಿ ಇದು ಅಪರೂಪವಲ್ಲ ಎಂದ ವೈದ್ಯರು, ಜ್ವರ ಇಳಿದ ನಂತರದ 24ರಿಂದ 48 ಗಂಟೆಗಳೇ ಹೆಚ್ಚು ಎಚ್ಚರದ ಕಾಲವಾದ್ದರಿಂದ ಅಂದೇ ಪ್ಲೇಟ್‌ಲೆಟ್ ಜೊತೆಗೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂದು ತಿಳಿಸುವ ಹೆಮಟೋಕ್ರಿಟ್ ಕೂಡ ಪರೀಕ್ಷಿಸಿದರು. ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆಯನ್ನಷ್ಟೇ ವಿಚಾರಿಸುತ್ತಾರೆ, ಆದರೆ ರಕ್ತನಾಳಗಳಿಂದ ದ್ರವ ಸೋರುತ್ತಿರುವುದನ್ನು ಸೂಚಿಸುವುದು ಹೆಮಟೋಕ್ರಿಟ್ ಏರಿಕೆ. ಅವನದು ಏರಿರಲಿಲ್ಲ. ಚುಕ್ಕೆಗಳ ಜೊತೆಗೆ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ಮಂಕು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆತರಬೇಕೆಂದರು.

ಆಮೇಲೆ ಅಂಗೈ, ಅಂಗಾಲುಗಳಲ್ಲಿ ವಿಪರೀತ ತುರಿಕೆ ಶುರುವಾಯಿತು. ಕೆಂಪಾದ ಕಾಲಿನ ನಡುವೆ ಅಲ್ಲಲ್ಲಿ ಬಿಳಿಯ ಮಚ್ಚೆಗಳು ಉಳಿದಿದ್ದವು. ಹಸಿವು ಮರಳಿ, ಮೂತ್ರ ಸರಿಯಾಗಿ ಹೋಗುತ್ತಿದ್ದುದರಿಂದ ವೈದ್ಯರು ಇದನ್ನು ಚೇತರಿಕೆಯ ದದ್ದು ಎಂದೇ ಗುರುತಿಸಿ, ತುರಿಕೆಗೆ ಸೆಟಿರಿಜಿನ್ ಕೊಟ್ಟರು.