ಇಂಗ್ಲಿಷಿನ ಬೀಳ್ಕೊಡುಗೆ ಸಂದೇಶ ಕನ್ನಡಕ್ಕೆ: ಅನುವಾದಕಿಗೆ ಪ್ರಶ್ನೆಗಳು

ಬ್ಯಾಂಕ್ ಸಿಬ್ಬಂದಿ, ಉಡುಪಿ: ಮೇಡಂ, ನಮ್ಮ ಮ್ಯಾನೇಜರಮ್ಮನಿಗೆ ಪುಣೆಗೆ ವರ್ಗ ಆಗಿದೆ. ಅವರೊಂದು ಸಂದೇಶ ಇಂಗ್ಲಿಷಿನಲ್ಲಿ ಬರೆದು, ಶನಿವಾರದ ಸಮಾರಂಭದಲ್ಲಿ ಕನ್ನಡದಲ್ಲಿ ಓದಿ ಎಂದಿದ್ದಾರೆ. ಅಟೆಂಡರ್, ಪಿಗ್ಮಿಯವರು ಎಲ್ಲ ಇರ್ತಾರೆ. ನಾನು ಮಾಡಿದ್ದು ಹೀಗೆ: ‘ನಿಮ್ಮಲ್ಲಿ ಪ್ರತಿಯೊಬ್ಬರೊಂದಿಗೆ ಕೆಲಸ ಮಾಡಿದ್ದು ಒಂದು ಸಂಪೂರ್ಣ ಸವಲತ್ತಾಗಿತ್ತು. ನೀವು ನನ್ನ ರೆಕ್ಕೆಗಳ ಕೆಳಗಿನ ಗಾಳಿಯಾಗಿದ್ದಿರಿ. ನಾನು ನಿಮ್ಮನ್ನು ಅಗಲಿ ಹೋಗುತ್ತಿದ್ದೇನೆ, ಆದರೆ ಇದು ವಿದಾಯವಲ್ಲ, ಮತ್ತೆ ನೋಡೋಣ. ನಿಮ್ಮ ಭವಿಷ್ಯದ ಪ್ರಯತ್ನಗಳಿಗೆ ಶುಭಾಶಯಗಳು.’ ಓದಿದರೆ ನನಗೇ ಏನೂ ಅನಿಸುವುದಿಲ್ಲ. ಎಲ್ಲಿ ತಪ್ಪಿದೆ?

ಅನುವಾದಕಿ: ಮೊದಲು ‘ಅಗಲಿ’ ತೆಗೆಯಿರಿ, ಇವತ್ತೇ. ಪತ್ರಿಕೆಯಲ್ಲಿ ‘ನಮ್ಮನ್ನಗಲಿದ’ ಎಂದು ಯಾರ ಫೋಟೋದ ಕೆಳಗೆ ಬರ್ತದೆ ಎಂದು ಎಲ್ಲರಿಗೂ ಗೊತ್ತು. ಜೀವಂತ ಇರುವವರ ಬಾಯಲ್ಲಿ ಆ ಮಾತು ಕೇಳಿದರೆ ಅಟೆಂಡರಮ್ಮನ ಎದೆ ಧಸಕ್ಕೆನ್ನುತ್ತದೆ.

‘ಸವಲತ್ತು’ ಸರಕಾರ ಕೊಡುವಂಥದ್ದು. ಅವರು ಹೇಳಲಿಕ್ಕೆ ಹೊರಟದ್ದು ‘ನಿಮ್ಮಂಥವರು ಸಿಕ್ಕಿದ್ದು ನನ್ನ ಭಾಗ್ಯ’ ಎಂದು.

‘ಇದು ವಿದಾಯವಲ್ಲ, ಮತ್ತೆ ನೋಡೋಣ’ ಎಂಬ ಸಾಲು ಕನ್ನಡಕ್ಕೆ ಬೇಡವೇ ಬೇಡ. ಇಂಗ್ಲಿಷಿನ ಗುಡ್‌ಬೈಯಲ್ಲಿ ಬಾಗಿಲು ಮುಚ್ಚಿದ ಹಾಗೆ ಕೇಳುತ್ತದೆ, ಅದಕ್ಕೆ ಅವರು ‘ಅಲ್ಲ’ ಎಂದು ಬೇರೆ ಹೇಳಬೇಕಾಗುತ್ತದೆ. ನಮ್ಮಲ್ಲಿ ಹೊರಡುವವರು ‘ಹೋಗ್ತೇನೆ’ ಎಂದು ನಿಲ್ಲಿಸುವುದೇ ಇಲ್ಲ, ‘ಹೋಗಿ ಬರ್ತೇನೆ’ ಅನ್ನುತ್ತಾರೆ. ಮರಳಿ ಬರುವ ಮಾತು ಅದರಲ್ಲೇ ಉಂಟು. ಎರಡು ಸಾಲಿನ ಜಾಗದಲ್ಲಿ ಇದೊಂದನ್ನು ಇಡಿ, ಕಟ್ಟಕಡೆಗೆ ಇಡಿ. ಅದರ ನಂತರ ಧನ್ಯವಾದವೂ ಬೇಡ.

ರೆಕ್ಕೆ, ಗಾಳಿ ಎರಡೂ ಹೋಗಲಿ. ಅವರು ಹೇಳುತ್ತಿರುವುದು ‘ನಿಮ್ಮಿಂದ ನನಗೆ ಆಯಿತು’ ಎಂದು. ಕನ್ನಡದಲ್ಲಿ ಈ ಭಾವ ಬರಬೇಕಾದರೆ ಏನು ಮಾಡಿದಿರಿ ಎಂಬುದನ್ನೇ ಹೇಳಬೇಕು. ಬ್ರಾಂಚಿನಲ್ಲಿ ಅಂಥದ್ದು ಏನಾಗಿತ್ತು ತಿಳಿಸಿ.

ಮಣಿಪಾಲದ ಐಟಿ ಉದ್ಯೋಗಿ: ‘ಮಿಸ್ ಯು’ಗೆ ಕನ್ನಡದಲ್ಲಿ ಏನು?

ಅನುವಾದಕಿ: ‘ನೀವಿಲ್ಲದೆ ಬೇಜಾರಾಗ್ತದೆ.’ ಹೋಗುವವರಾದರೆ ‘ನಿಮ್ಮದೆಲ್ಲ ನೆನಪಾಗ್ತದೆ.’

ಬ್ಯಾಂಕ್ ಸಿಬ್ಬಂದಿ, ಉಡುಪಿ: ಮಾರ್ಚ್ 31ಕ್ಕೆ ಸರ್ವರ್ ಕೈಕೊಟ್ಟಿತ್ತು. ಲೆಕ್ಕ ಮುಗಿಯುವ ತನಕ ಯಾರೂ ಮನೆಗೆ ಹೋಗಲಿಲ್ಲ. ಮತ್ತೆ ಮೇಡಂಗೆ ಜ್ವರ ಬಂದಾಗ ಅಟೆಂಡರಮ್ಮ ಮನೆಯಿಂದ ಗಂಜಿ, ಉಪ್ಪಿನಕಾಯಿ ತಂದು ಕೊಡ್ತಿದ್ದರು.

ಕಾರ್ಕಳದವರು: ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ನನಗೆ ಬಂದ ಫಾರ್ವರ್ಡ್ ಹಾಕ್ತೇನೆ, ಹೆಸರು ಬದಲಿಸಿದರೆ ಸಾಕು: ‘ನಿಮ್ಮ ಅಗಲಿಕೆ ನಮಗೆ ತುಂಬಲಾರದ ನಷ್ಟ. ಎಲ್ಲೇ ಇದ್ದರೂ ನಮ್ಮ ಹೃದಯದಲ್ಲಿ ನೀವು ಅಮರ.’

ಅನುವಾದಕಿ: ದಯವಿಟ್ಟು ಇದನ್ನು ಯಾರೂ ಎಲ್ಲಿಯೂ ಹಾಕಬೇಡಿ. ಇದು ಶ್ರದ್ಧಾಂಜಲಿ. ‘ತುಂಬಲಾರದ ನಷ್ಟ’, ‘ಅಮರ’, ‘ಕೊನೆಯ ವಿದಾಯ’ ಇವೆಲ್ಲ ತೀರಿಕೊಂಡವರಿಗೆ ಹೇಳುವ ಮಾತು. ವರ್ಗವಾಗಿ ಹೋಗುವವರ ಮುಖ ನೋಡಿ ಇದನ್ನು ಓದುವುದು ಹೇಗೆ? ಅದೂ ಅಲ್ಲದೆ ಇದು ಉಳಿಯುವವರ ಮಾತು. ಇಲ್ಲಿ ಮಾತಾಡುವವರು ಹೋಗುವವರು. ಉಳಿಯುವವರು ಬೀಳ್ಕೊಡುತ್ತಾರೆ, ಹೋಗುವವರು ಬೀಳ್ಕೊಳ್ಳುತ್ತಾರೆ. ಅದನ್ನೇ ನೋಡದೆ ಹೆಸರು ಬದಲಿಸಿದರೆ ಇದೇ ಆಗುವುದು.

ಉಡುಪಿಯವರೇ, ನಿಮಗೆ ಬೇಕಾದ್ದು ಸಿಕ್ಕಿತು. ಹೀಗೆ ಓದಿ ನೋಡಿ:

‘ಎಲ್ಲರಿಗೂ ನಮಸ್ಕಾರ. ಇಲ್ಲಿ ದಿನ ಹೋದದ್ದೇ ಗೊತ್ತಾಗಲಿಲ್ಲ. ಮಾರ್ಚ್ ಕೊನೆಗೆ ಸರ್ವರ್ ಕೈಕೊಟ್ಟಾಗ ಲೆಕ್ಕ ಮುಗಿಯುವ ತನಕ ಒಬ್ಬರೂ ಮನೆಗೆ ಹೋಗದೆ ಜೊತೆಗೆ ಕೂತಿರಿ. ಜ್ವರ ಬಂದಾಗ ಗಂಜಿ ತಂದು ಕೊಟ್ಟು ಮನೆಯವರ ಹಾಗೆ ನೋಡಿಕೊಂಡಿರಿ. ನಿಮ್ಮಂಥವರು ಸಿಕ್ಕಿದ್ದು ನನ್ನ ಭಾಗ್ಯ. ಕೆಲಸದ ಗಡಿಬಿಡಿಯಲ್ಲಿ ಯಾರಿಗಾದರೂ ಬೇಜಾರಾಗುವ ಹಾಗೆ ಮಾತಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಪುಣೆ ಕಡೆ ಬಂದರೆ ಮನೆಗೆ ಬಾರದೆ ಹೋಗಬೇಡಿ. ಹೋಗಿ ಬರ್ತೇನೆ.’

‘ನಾನು’ ಎಂಬುದು ಒಂದು ಸಲವೂ ಇಲ್ಲ, ನೋಡಿ. ಇಂಗ್ಲಿಷಿನಲ್ಲಿ ಅದಿಲ್ಲದೆ ವಾಕ್ಯ ನಿಲ್ಲುವುದಿಲ್ಲ. ಕನ್ನಡದಲ್ಲಿ ‘ಬರ್ತೇನೆ’ ಎಂದರೇ ಯಾರೆಂದು ಗೊತ್ತಾಗುತ್ತದೆ, ಸಾಲು ಸಾಲಿಗೂ ‘ನಾನು’ ಬಂದರೆ ತನ್ನನ್ನೇ ಹೊಗಳಿಕೊಂಡ ಹಾಗಿರುತ್ತದೆ. ‘ನಿಮ್ಮಲ್ಲಿ ಪ್ರತಿಯೊಬ್ಬರೂ’ ಎಂಬುದೂ ಹೋಯಿತು. ‘ಕೂತಿರಿ’ಯಲ್ಲಿ ಎಲ್ಲರೂ ಬಂದರು.

ನಿವೃತ್ತ ಅಧ್ಯಾಪಕರು, ಮೂಡುಬಿದಿರೆ: ಚೆನ್ನಾಗಿದೆ. ಆದರೆ ಮೂಲದಲ್ಲಿ ಗಂಜಿಯೂ ಇಲ್ಲ, ಕ್ಷಮೆಯೂ ಇಲ್ಲ. ಅನುವಾದಕರು ತಮ್ಮ ಮನಸ್ಸಿನಿಂದ ಸೇರಿಸಬಹುದೇ? ಸಭೆಯಲ್ಲಿ ಓದುವಾಗ ‘ಬರ್ತೇನೆ’ ಕೂಡ ಸಲ್ಲದು, ‘ಬರುತ್ತೇನೆ’ ಎಂದಿರಬೇಕು. ‘ಸರ್ವರ್’ಗೂ ಕನ್ನಡ ಪದ ಬಳಸಿ.

ಅನುವಾದಕಿ: ಮೊದಲನೆಯದು ಒಪ್ಪುವ ಮಾತು ಸರ್. ಗಂಜಿಯ ಸಾಲು, ‘ಹೊಟ್ಟೆಗೆ ಹಾಕಿಕೊಳ್ಳಿ’, ‘ಮನೆಗೆ ಬನ್ನಿ’ ಮೂರನ್ನೂ ಮ್ಯಾನೇಜರಮ್ಮನಿಗೆ ಅರ್ಥ ಹೇಳಿ ಒಪ್ಪಿಗೆ ತೆಗೆದುಕೊಳ್ಳಬೇಕು. ಬೇಡ ಎಂದರೆ ತೆಗೆಯಬೇಕು. ಜ್ವರದ ವಿಷಯ ಎಲ್ಲರೆದುರು ಬೇಡ ಎನಿಸಲೂಬಹುದು. ಆದರೆ ಹೊರಡುವಾಗ ಹೊಟ್ಟೆಗೆ ಹಾಕಿಕೊಳ್ಳಿ ಅನ್ನುವುದು ನಮ್ಮ ಪದ್ಧತಿ, ಅದಿಲ್ಲದಿದ್ದರೆ ಮಾತು ಅರ್ಧಕ್ಕೆ ನಿಂತ ಹಾಗೆ ಕೇಳುತ್ತದೆ. ‘ಬರ್ತೇನೆ’ ಇರಲಿ. ಸರ್ವರ್ ಸರ್ವರೇ.

ಅಧ್ಯಾಪಕರು: ಬರಹಕ್ಕೆ ಒಂದು ಶಿಷ್ಟತೆ ಇದೆ.

ಮಂಗಳೂರಿನ ವಿದ್ಯಾರ್ಥಿನಿ: ಸರ್, ಇದು ಬರಹ ಅಲ್ಲ, ಓದಿ ಕೇಳಿಸುವುದು. ನನ್ನ ಪ್ರಕಾರ ತುಳುವಿನಲ್ಲೇ ‘ಪೋದು ಬರ್ಪೆ’ ಅಂದರೆ ಎಲ್ಲರಿಗೂ ಖುಷಿ ಆಗ್ತದೆ.

ಕುಂದಾಪುರದವರು: ಎಲ್ಲರಿಗೂ ಎಂದರೆ? ನಮಗೆ ಮನೆಯಲ್ಲಿ ತುಳು ಇಲ್ಲ. ಉಡುಪಿ ಜಿಲ್ಲೆ ಅಂದ್ರೆ ತುಳು ಮಾತ್ರ ಅಂದ್ಕೊಂಡಿದ್ದೀರಾ?

ವಿದ್ಯಾರ್ಥಿನಿ: ನಾನು ಹಾಗೆ ಎಲ್ಲಿ ಹೇಳಿದೆ? ಕೊಂಕಣಿ, ಬ್ಯಾರಿಯವರೂ ಇದ್ದಾರೆ, ಗೊತ್ತುಂಟು.

ಕುಂದಾಪುರದವರು: ಮೇಲೆ ಓದಿ, ಹೇಳಿದ್ದೀರಿ.

ಅನುವಾದಕಿ: ಮ್ಯಾನೇಜರಿಗೆ ತುಳು ಬರುವುದಾದರೆ ಹೇಳಲಿ. ಬಾರದವರ ಹೆಸರಿನಲ್ಲಿ ಇನ್ನೊಬ್ಬರು ಓದಿದರೆ ಅದು ಅವರ ಮಾತಾಗುವುದಿಲ್ಲ. ಈ ಜಗಳ ಇಲ್ಲಿಗೆ ಬಿಡಿ.

ಸುರತ್ಕಲ್‌ನವರು: ನಮ್ಮ ಹೆಡ್‌ಮಾಸ್ಟರ್ ನಿವೃತ್ತಿಗೆ ಮಕ್ಕಳ ಕಾರ್ಡ್. ಇಂಗ್ಲಿಷಿನಲ್ಲಿ ‘ಆಲ್ ದ ಬೆಸ್ಟ್’ ಇದೆ. ‘ಮುಂದೆ ಒಳ್ಳೆಯದಾಗಲಿ’ ಎಂದು ಬರೆದೆವು. ಸರಿಯಾ?

ಅನುವಾದಕಿ: ಮಕ್ಕಳು ಬರೆಯುವುದಾದರೆ ಸರಿಯಲ್ಲ. ‘ಒಳ್ಳೆಯದಾಗಲಿ’ ಹಿರಿಯರು ಕಿರಿಯರಿಗೆ ಕೊಡುವ ಹರಕೆ. ಕಿರಿಯರು ಕೇಳಿಕೊಳ್ಳಬೇಕು: ‘ನಿಮ್ಮ ಆಶೀರ್ವಾದ ಸದಾ ಇರಲಿ ಸರ್. ಆರೋಗ್ಯ ನೋಡಿಕೊಳ್ಳಿ. ಆಗಾಗ ಶಾಲೆಗೆ ಬರುತ್ತಿರಿ.’ ಇಂಗ್ಲಿಷಿಗೆ ಈ ಮೇಲು ಕೆಳಗು ಇಲ್ಲ, ಅದಕ್ಕೇ ಇಲ್ಲಿ ಎಡವುವುದು. ಮ್ಯಾನೇಜರಮ್ಮನ ಮಾತಿನಲ್ಲಿ ‘ಭವಿಷ್ಯದ ಪ್ರಯತ್ನಗಳು’ ಬಿಟ್ಟದ್ದಕ್ಕೂ ಇದೊಂದು ಕಾರಣ. ಸಭೆಯಲ್ಲಿ ಅವರಿಗಿಂತ ಹಿರಿಯರೂ ಇರ್ತಾರೆ.

ಪಡುಬಿದ್ರಿಯವರು: ‘ಮಿಸ್ ಯು’ಗೆ ಕನ್ನಡ ಯಾವುದು ಮೇಡಂ?

ಅನುವಾದಕಿ: ಮೇಲೆ ಹೇಳಿದ್ದೇನೆ.

ಕಾಪುವಿನವರು: ಸ್ಮರಣಿಕೆಯ ಮೇಲೆ ಕೆತ್ತಿಸಲು ಎರಡೇ ಸಾಲಿಗೆ ಜಾಗ ಉಂಟು. ಏನು ಬರೆಸಬಹುದು?

ಕಾರ್ಕಳದವರು: ನಾನು ಹಾಕಿದ ಫಾರ್ವರ್ಡನ್ನು ಸಾವಿರ ಜನ ಕಳಿಸ್ತಾರೆ. ಯಾರೂ ತಪ್ಪು ತಿಳ್ಕೊಂಡಿಲ್ಲ.

ಅನುವಾದಕಿ: ಎದುರಿಗೆ ಹೇಳಿಲ್ಲ, ಅಷ್ಟೇ. ‘ಅಮರ’ ಎಂಬುದನ್ನು ನಿಮ್ಮ ಮನೆಯ ಹಿರಿಯರೆದುರು ಗಟ್ಟಿಯಾಗಿ ಓದಿ, ಅವರ ಮುಖ ನೋಡಿ.

ಕಾರ್ಕಳದವರು: ಸಹಾಯ ಮಾಡಲಿಕ್ಕೆ ಬಂದವರ ಜೊತೆ ಮಾತಾಡುವ ರೀತಿಯಾ ಇದು?

ಅಧ್ಯಾಪಕರು: ‘ಬರ್ತೇನೆ’ ವಿಷಯ ನಾನಂತೂ ಒಪ್ಪುವುದಿಲ್ಲ.

ಬ್ಯಾಂಕ್ ಸಿಬ್ಬಂದಿ, ಉಡುಪಿ: ಮೇಡಂ, ಮ್ಯಾನೇಜರಮ್ಮ ಕ್ಷಮೆಯ ಸಾಲಿಗೆ ಒಪ್ಪಿದರು. ಗಂಜಿಯ ಸಾಲು ಇರಲಿ, ಆದರೆ ಜ್ವರದ ಮಾತು ಬೇಡ ಎಂದರು. ಓದುವುದು ನಾನು. ‘ನನ್ನ ಭಾಗ್ಯ’ ಎಂದಾಗ ನನ್ನದೇ ಎಂದು ಕೇಳುವುದಿಲ್ಲವಾ?

ಅನುವಾದಕಿ: ಶುರುವಿಗೆ ‘ಮೇಡಂ ಬರೆದದ್ದನ್ನು ಅವರ ಮಾತಿನಲ್ಲೇ ಓದ್ತೇನೆ’ ಎಂದು ಹೇಳಿ ಒಂದು ಕ್ಷಣ ನಿಲ್ಲಿಸಿ. ಜ್ವರ ಬಿಟ್ಟು ‘ಮನೆಯಿಂದ ಗಂಜಿ ತಂದು ಉಣಿಸಿದಿರಿ’ ಅನ್ನಿ, ಅಟೆಂಡರಮ್ಮನಿಗೆ ಗೊತ್ತಾಗ್ತದೆ. ‘ಹೋಗಿ ಬರ್ತೇನೆ’ ಮಾತ್ರ ನೀವು ಓದಬೇಡಿ, ಅಲ್ಲಿಗೆ ನಿಲ್ಲಿಸಿ ಮೈಕ್ ಅವರ ಕೈಗೆ ಕೊಡಿ. ಅಷ್ಟು ಕನ್ನಡ ಅವರಿಗೆ ಶುಕ್ರವಾರವೇ ಕಲಿಸಿ.

ಬೈಂದೂರಿನವರು: ಮೇಡಂ, ಈ ‘ಮಿಸ್ ಯು’ಗೆ...