ಬಾಳೆಕಾಯಿ ಚಿಪ್ಸ್: ಎಷ್ಟು ತೆಳು, ಎಷ್ಟು ಕಾವು, ಉಪ್ಪುನೀರು ಯಾವಾಗ?

ನಿನ್ನೆ ಮೊದಲನೇ ಸಲ ಬಾಳೆಕಾಯಿ ಚಿಪ್ಸ್ ಮಾಡ್ದೆ. ಅರ್ಧ ಕೆಂಪಗಾಯ್ತು, ಇನ್ನರ್ಧ ಬಿಸಿ ಇದ್ದಾಗ ಗರಿಗರಿ, ಬೆಳಗ್ಗೆ ನೋಡಿದ್ರೆ ಚರ್ಮದ ಥರ ಮೆತ್ತಗೆ. ಉಪ್ಪುನೀರು ಹಾಕಿದ ತಕ್ಷಣ ಎಣ್ಣೆ ಬಾಣಲೆ ಅಂಚಿನವರೆಗೂ ಉಕ್ಕಿ ಬಂತು, ಹೆದರಿ ಗ್ಯಾಸ್ ಆಫ್ ಮಾಡ್ಬಿಟ್ಟೆ. ಮಾಡಿ ಅಭ್ಯಾಸ ಇರೋರು ಹೇಳಿ, ಎಲ್ಲಿ ತಪ್ಪಿದೆ?

—

ನಾನು ಹಬ್ಬ, ಮದುವೆ ಅಂತ ಇಪ್ಪತ್ತು ವರ್ಷದಿಂದ ಕರೀತಾ ಇದೀನಿ, ನಿಮಗೆ ಆಗಿರೋ ಮೂರೂ ತೊಂದರೆ ನನಗೂ ಆಗಿದೆ. ಗ್ಯಾಸ್ ಆಫ್ ಮಾಡಿದ್ದು ಸರಿಯಾದ ಕೆಲಸ, ಅದನ್ನ ಮೊದಲು ಹೇಳ್ಬಿಡ್ತೀನಿ.

ಅರ್ಧ ಕೆಂಪು ಅರ್ಧ ಮೆತ್ತಗೆ ಅಂದ್ರೆ ಬಿಲ್ಲೆಗಳ ದಪ್ಪ ಒಂದೇ ಸಮ ಇಲ್ಲ. ಚಾಕುವಿನಲ್ಲಿ ಹೆಚ್ಚಿದ್ರಾ? ಎಷ್ಟೇ ಕೈ ಪಳಗಿದ್ರೂ ಚಾಕುವಿನಲ್ಲಿ ಒಂದು ತೆಳು ಒಂದು ದಪ್ಪ ಬಂದೇ ಬರುತ್ತೆ. ತೆಳ್ಳಗಿರೋದು ಬೇಗ ಒಣಗಿ ಕೆಂಪಾಗುತ್ತೆ, ಅದು ಸುಡುತ್ತಲ್ಲಾ ಅಂತ ನಾವು ಎಲ್ಲಾ ಒಟ್ಟಿಗೆ ತೆಗೆದ್ಬಿಡ್ತೀವಿ, ದಪ್ಪಗಿರೋದರ ನಡುವೆ ನೀರಿನ ಪಸೆ ಹಾಗೇ ಉಳಿದಿರುತ್ತೆ. ಬಿಸಿಯಲ್ಲಿ ಗೊತ್ತಾಗಲ್ಲ, ರಾತ್ರಿ ಕಳೆಯೋದ್ರಲ್ಲಿ ಆ ಪಸೆ ಹೊರಗೆ ಬಂದು ಇಡೀ ಬಿಲ್ಲೆ ಮೆತ್ತಗಾಗುತ್ತೆ. ಸ್ಲೈಸರ್ ಮಣೆ ಬಳಸಿ, ಒಂದೂವರೆ ಮಿಲಿಮೀಟರ್ ಇರ್ಲಿ. ಅಳೆಯೋಕೆ ಸುಲಭ ದಾರಿ ಅಂದ್ರೆ ಹತ್ತು ಬಿಲ್ಲೆ ಒಂದರ ಮೇಲೊಂದು ಜೋಡಿಸಿ ಸ್ಕೇಲ್ ಇಟ್ಟು ನೋಡಿ, ಒಂದೂವರೆ ಸೆಂಟಿಮೀಟರ್ ಬಂದ್ರೆ ಸರಿ. ಎರಡು ಮಿಲಿಮೀಟರ್ ದಾಟಿದ್ರೆ ಕರಿಯೋಕೆ ಹೊತ್ತು ಜಾಸ್ತಿ ಬೇಕು, ನಡುವೆ ಗಟ್ಟಿ ಉಳಿಯುತ್ತೆ.

ಕಾಯಿ ಯಾವುದು, ತಂದು ಎಷ್ಟು ದಿನ ಆಗಿತ್ತು ಅಂತ ನೀವು ಹೇಳಿಲ್ಲ. ನೇಂದ್ರ ಕಾಯಿ ಆದ್ರೆ ಒಳ್ಳೇದು, ಬೇರೆ ಕಾಯೂ ಆಗುತ್ತೆ, ಆದ್ರೆ ಬಲಿತಿರ್ಬೇಕು, ಹಣ್ಣಿನ ಕಡೆ ಮಾತ್ರ ತಿರುಗಿರಬಾರದು. ತುದಿ ಕತ್ತರಿಸಿದಾಗ ಸೊನೆ ಸುರಿದ್ರೆ ಸರಿ. ಸೊನೆ ಇಲ್ಲ, ಒಳಗೆ ಹಳದಿ ತಿರುಗಿದೆ, ಬೆರಳಿಗೆ ಜಿಗುಟು ಅನ್ಸುತ್ತೆ ಅಂದ್ರೆ ಹಿಟ್ಟಿನಂಶ ಸಕ್ಕರೆ ಆಗೋಕೆ ಶುರುವಾಗಿದೆ ಅಂತ, ಆ ಕಾಯಿ ಯಾವ ಕಾವಲ್ಲಿ ಕರಿದ್ರೂ ಗರಿ ಆಗೋಕೆ ಮುಂಚೆನೇ ಕೆಂಪಾಗುತ್ತೆ.

ಉಪ್ಪುನೀರಿನ ವಿಷಯ ಬರೆಯೋಕೆ ಹೊತ್ತು ಬೇಕು, ಸಂಜೆ ಬರೀತೀನಿ.

—

ಇಷ್ಟೆಲ್ಲ ಕಷ್ಟ ಯಾಕೆ ಪಡ್ತೀರಾ, ಕುದಿಯೋ ಎಣ್ಣೆಗೆ ನೀರು ಹಾಕೋದೇ ತಪ್ಪು. ನಾನು ಬಿಲ್ಲೆಗಳನ್ನ ಉಪ್ಪು ಅರಿಶಿನದ ನೀರಲ್ಲಿ ಹದಿನೈದು ನಿಮಿಷ ನೆನೆಸಿ, ಬಟ್ಟೆ ಮೇಲೆ ಒಣಗಿಸಿ ಕರೀತೀನಿ, ಉಪ್ಪು ತಾನಾಗೇ ಹಿಡಿಯುತ್ತೆ, ಸಿಡಿಯೋದೂ ಕಮ್ಮಿ. ಆಮೇಲೆ ಎಷ್ಟು ತೆಳು ಇದ್ರೆ ಅಷ್ಟು ಒಳ್ಳೇದು, ಉರಿ ಪೂರ್ತಿ ಜೋರಾಗಿ ಇಟ್ಟು ಎರಡೇ ನಿಮಿಷದಲ್ಲಿ ತೆಗೀಬೇಕು.

—

ನಮ್ಮ ಮನೇಲಿ ಹಣ್ಣಾದ ನೇಂದ್ರವನ್ನ ದಪ್ಪಗೆ ಸೀಳಿ ಹಿಟ್ಟಲ್ಲಿ ಅದ್ದಿ ಕರೀತೀವಿ, ಅದಕ್ಕೆ ಉಪ್ಪುನೀರು ಬೇಡವೇ ಬೇಡ, ಹಿಟ್ಟಿಗೇ ಒಂದು ಚಿಟಿಕೆ ಉಪ್ಪು ಹಾಕಿದ್ರೆ ಸಾಕು. ಮಧ್ಯಮ ಉರಿ, ಎರಡೂ ಕಡೆ ಹೊಂಬಣ್ಣ ಬರೋವರೆಗೆ.

—

ಅದು ಹಣ್ಣಿನ ಬಜ್ಜಿ ಅಕ್ಕಾ, ಇಲ್ಲಿ ಕೇಳ್ತಿರೋದು ಹಸಿ ಕಾಯಿ ಚಿಪ್ಸ್. ಅದರ ಜೊತೆ ನಂದೂ ಒಂದು ಪ್ರಶ್ನೆ. ನಮ್ಮ ತಂದೆಗೆ ಬಿಪಿ ಇದೆ, ಚಿಪ್ಸ್ ಅಂದ್ರೆ ಪ್ರಾಣ. ಉಪ್ಪುನೀರು ಹಾಕಿದ್ರೆ ಎಷ್ಟು ಉಪ್ಪು ಒಳಗೆ ಹೋಗುತ್ತೆ ಅಂತ ಲೆಕ್ಕ ಇದ್ಯಾ? ಮೇಲೆ ಪುಡಿ ಉಪ್ಪು ಉದುರಿಸಿದ್ರೆ ಕಮ್ಮಿ ಆಗುತ್ತಾ?

—

ಬೆಳಗ್ಗೆ ಬರೆದವಳು ನಾನೇ, ಉಪ್ಪುನೀರಿನ ವಿಷಯ ಈಗ ಹೇಳ್ತೀನಿ.

ಮೊದಲು ನೆನೆಸೋರಿಗೆ. ನೆನೆಸಿ ಕರಿಯೋದು ತಪ್ಪಲ್ಲ, ಎಷ್ಟೋ ಮನೇಲಿ ಹಾಗೇ ಮಾಡ್ತಾರೆ, ಮೇಲಿನ ಹಿಟ್ಟು ತೊಳೆದು ಹೋಗೋದ್ರಿಂದ ಬಿಲ್ಲೆ ಒಂದಕ್ಕೊಂದು ಅಂಟೋದೂ ಕಮ್ಮಿ. ಆದ್ರೆ ಬಟ್ಟೆ ಮೇಲೆ ಪೂರ್ತಿ ಒರೆಸದೆ ಹಾಕಿದ್ರೆ ಆ ನೀರೆಲ್ಲ ಎಣ್ಣೆಗೇ ಹೋಗಿ ಕಾವು ಬಿದ್ದೋಗುತ್ತೆ, ಸಿಡಿಯೋದು ಮೊದಲಿಗೇ ಬರುತ್ತೆ ಅಷ್ಟೇ. ಇನ್ನು ಎಷ್ಟು ತೆಳು ಅಷ್ಟು ಒಳ್ಳೇದು ಅನ್ನೋದು ನಾನು ಒಪ್ಪಲ್ಲ. ಒಂದು ಮಿಲಿಮೀಟರ್‌ಗಿಂತ ತೆಳ್ಳಗಾದ್ರೆ ಎಣ್ಣೆ ಜಾಸ್ತಿ ಕುಡಿಯುತ್ತೆ, ಸುರುಟಿಕೊಳ್ಳುತ್ತೆ, ಮುಖ್ಯವಾಗಿ ಉಪ್ಪುನೀರು ಹಾಕೋಕೆ ಸಮಯವೇ ಕೊಡಲ್ಲ, ನೊರೆ ಇಳಿಯೋದ್ರಲ್ಲಿ ಬಣ್ಣ ತಿರುಗಿರುತ್ತೆ. ಜೋರು ಉರೀಲೇ ಇಟ್ರೂ ಅಷ್ಟೇ, ಹೊರಗೆ ಬಣ್ಣ ಬರುತ್ತೆ, ಒಳಗೆ ಪಸೆ ಉಳಿಯುತ್ತೆ.

ಎಣ್ಣೆ ಬಾಣಲೆಯ ಅರ್ಧಕ್ಕಿಂತ ಮೇಲೆ ಇರಲೇಬಾರದು, ನಿಮ್ಮದು ಉಕ್ಕಿದ್ದಕ್ಕೆ ಅದೇ ಮೊದಲ ಕಾರಣ ಇರಬಹುದು. ಕಾವು 175 ಡಿಗ್ರಿ ಹತ್ರ ಇರ್ಲಿ. ಥರ್ಮಾಮೀಟರ್ ಇಲ್ಲ ಅಂದ್ರೆ ಒಂದು ಬಿಲ್ಲೆ ಬಿಡಿ, ತಳ ಮುಟ್ಟಿ ಎರಡು ಮೂರು ಸೆಕೆಂಡಲ್ಲಿ ಸುತ್ತ ಗುಳ್ಳೆ ಕಟ್ಟಿಕೊಂಡು ಮೇಲೆ ಬರಬೇಕು. ತಳದಲ್ಲೇ ಕೂತ್ರೆ ಕಾದಿಲ್ಲ, ಬಿಟ್ಟ ಕೂಡಲೇ ಅಂಚು ಕೆಂಪಾದ್ರೆ ಜಾಸ್ತಿ ಕಾದಿದೆ. ಒಂದು ಒಬ್ಬೆಗೆ ಒಂದೇ ಕಾಯಿ, ಬಿಲ್ಲೆಗಳನ್ನ ಬಿಡಿಬಿಡಿಯಾಗಿ ಬಿಡಿ, ಎಲ್ಲಾ ಒಟ್ಟಿಗೆ ಸುರಿದ್ರೆ ಕಾವು ಇಳಿದು ಎಣ್ಣೆ ಹೀರುತ್ತೆ. ಮೊದಲ ಅರ್ಧ ನಿಮಿಷ ಕೈ ಆಡಿಸಬೇಡಿ, ಆಮೇಲೆ ಜಾಲರಿಯಲ್ಲಿ ಮೆಲ್ಲಗೆ ಬಿಡಿಸಿ.

ಉಪ್ಪುನೀರು ಯಾವಾಗ ಅನ್ನೋದಕ್ಕೆ ಗಡಿಯಾರ ನೋಡ್ಬೇಡಿ, ಗುಳ್ಳೆ ನೋಡಿ. ಬಿಲ್ಲೆಯೊಳಗಿನ ನೀರು ಹೊರಗೆ ಬರ್ತಾ ಇರೋವರೆಗೆ ಎಣ್ಣೆ ತುಂಬ ದೊಡ್ಡ ಗುಳ್ಳೆ, ಜೋರು ಸದ್ದು. ಮುಕ್ಕಾಲು ಭಾಗ ಆಗುತ್ತಿದ್ದಂತೆ ಗುಳ್ಳೆ ಸಣ್ಣದಾಗಿ ಸದ್ದು ಇಳಿಯುತ್ತೆ, ಬಿಲ್ಲೆ ಗಟ್ಟಿಯಾಗಿರುತ್ತೆ ಆದ್ರೆ ಜಾಲರಿಗೆ ತಾಗಿದಾಗ ಇನ್ನೂ ಗಲಗಲ ಅನ್ನಲ್ಲ. ಅದೇ ಹೊತ್ತು. ಅದಕ್ಕೂ ಮುಂಚೆ ಹಾಕಿದ್ರೆ ಬಿಲ್ಲೆಯ ನೀರು, ನಿಮ್ಮ ನೀರು ಎರಡೂ ಸೇರಿ ಉಕ್ಕುತ್ತೆ. ಪೂರ್ತಿ ಗರಿಯಾದ ಮೇಲೆ ಹಾಕಿದ್ರೆ ನೊರೆ ಇಳಿಯೋವರೆಗೆ ಕಾಯಬೇಕಲ್ಲ, ಆ ಹೊತ್ತಿಗೆ ಕೆಂಪಾಗಿಬಿಡುತ್ತೆ, ಕೆಂಪಾಗುತ್ತೆ ಅಂತ ಬೇಗ ತೆಗೆದ್ರೆ ಪಸೆ ಉಳಿದು ಮೆತ್ತಗಾಗುತ್ತೆ.

ನೀರು ಕಮ್ಮಿ, ಉಪ್ಪು ಜಾಸ್ತಿ ಇರೋ ಹಾಗೆ ಮಾಡ್ಕೊಳ್ಳಿ. ಅರ್ಧ ಲೋಟ ನೀರಿಗೆ ಎರಡು ದೊಡ್ಡ ಚಮಚ ಪುಡಿ ಉಪ್ಪು, ಕಾಲು ಟೀ ಚಮಚ ಅರಿಶಿನ, ತಳದಲ್ಲಿ ಸ್ವಲ್ಪ ಕರಗದೆ ಉಳಿದ್ರೂ ಪರವಾಗಿಲ್ಲ. ಒಂದು ಒಬ್ಬೆಗೆ ಒಂದೇ ಟೀ ಚಮಚ, ಅದನ್ನೂ ಎರಡು ಸಲ ಅರ್ಧರ್ಧ. ಉರಿ ಸಣ್ಣ ಮಾಡಿ, ಉದ್ದ ಹಿಡಿಯ ಚಮಚದಲ್ಲಿ, ಮುಖ ದೂರ ಇಟ್ಟು ಅಂಚಿನ ಕಡೆಯಿಂದ ಬಿಡಿ, ಮಕ್ಕಳು ಅಡುಗೆಮನೆಯಲ್ಲಿ ಇರಬಾರದು. ನೀರು ಕ್ಷಣದಲ್ಲಿ ಆವಿಯಾಗಿ ಹೋಗುತ್ತೆ, ಉಪ್ಪು ಸಣ್ಣ ಪುಡಿಯಾಗಿ ಬಿಲ್ಲೆಗಳ ಮೇಲೆ ಕೂರುತ್ತೆ. ಚಟಪಟ ನಿಂತ ಮೇಲೆ ಉರಿ ಮತ್ತೆ ಏರಿಸಿ, ಗಲಗಲ ಸದ್ದು ಬಂದ ತಕ್ಷಣ ತೆಗೀರಿ.

ಬಿಪಿ ಕೇಳಿದವರಿಗೆ: ಆ ಒಂದು ಚಮಚ ಉಪ್ಪುನೀರಲ್ಲಿ ಹೆಚ್ಚೂಕಮ್ಮಿ ಕಾಲು ಟೀ ಚಮಚ ಉಪ್ಪಿರುತ್ತೆ, ಅದರಲ್ಲಿ ಸ್ವಲ್ಪ ಎಣ್ಣೆಯ ತಳಕ್ಕೆ ಹೋಗುತ್ತೆ. ಒಂದು ಕಾಯಿಯ ಚಿಪ್ಸಿಗೆ ಅಷ್ಟು. ತಂದೆಯವರಿಗೆ ಉಪ್ಪಿಲ್ಲದೆ ಒಂದು ಒಬ್ಬೆ ಮೊದಲೇ ಕರಿದು ಬೇರೆ ತೆಗೆದಿಡಿ, ಉಪ್ಪುನೀರು ಬಿದ್ದ ಮೇಲಿನ ಎಣ್ಣೆಯಲ್ಲಿ ಬೇಡ. ಅವರು ಎಷ್ಟು ತಿನ್ನಬಹುದು ಅನ್ನೋದನ್ನ ಡಾಕ್ಟರನ್ನೇ ಕೇಳಿ. ಮೇಲೆ ಉದುರಿಸೋ ಪುಡಿ ಉಪ್ಪು ಒಣ ಚಿಪ್ಸಿಗೆ ಸರಿಯಾಗಿ ಅಂಟಲ್ಲ, ಡಬ್ಬಿ ತಳಕ್ಕೆ ಇಳಿಯುತ್ತೆ, ಹಾಗಾಗಿ ನಾಲಿಗೆಗೆ ಸಾಲದು ಅಂತ ಜಾಸ್ತಿ ಹಾಕಿಬಿಡ್ತೀವಿ.

—

ನೆನೆಸೋದರ ಬಗ್ಗೆ ಬರೆದವನು ನಾನು. ಕಾವು ಬೀಳುತ್ತೆ ಅಂದ್ರಲ್ಲ ಅದು ನಿಜ, ನನ್ನ ಬಿಲ್ಲೆ ಅದಕ್ಕೇ ಎಣ್ಣೆಯೆಣ್ಣೆ ಇರುತ್ತಿತ್ತು ಅನ್ಸುತ್ತೆ. ಆದ್ರೂ ಕಾದ ಎಣ್ಣೆಗೆ ನೀರು ಹಾಕೋದನ್ನ ಹೊಸಬರಿಗೆ ಹೇಳಿಕೊಡೋದು ನನಗೆ ಸರಿ ಕಾಣ್ತಿಲ್ಲ. ಗ್ಯಾಸ್ ಒಲೆ ಮೇಲೆ ಎಣ್ಣೆ ಉಕ್ಕಿ ಉರಿಗೆ ಬಿದ್ರೆ ಹೊತ್ತಿಕೊಳ್ಳುತ್ತೆ, ಅದರ ಮೇಲೆ ನೀರು ಸುರಿಯೋದಂತೂ ಇನ್ನೂ ಅಪಾಯ. ಪಕ್ಕದಲ್ಲಿ ಬಾಣಲೆ ಮುಚ್ಚೋ ಅಂಥ ತಟ್ಟೆ ಒಂದು ಇಟ್ಕೊಂಡೇ ಶುರು ಮಾಡಿ.

—

ಕೇಳಿದವಳು ನಾನು, ಇವತ್ತು ಮತ್ತೆ ಮಾಡ್ದೆ, ಆಗಿದ್ದನ್ನೆಲ್ಲ ಬರೀತೀನಿ.

ಮೂರು ಕಾಯಿ, ಮೂರು ಒಬ್ಬೆ. ಹೋದ ಸಲದ ಬಿಲ್ಲೆ ನಾಲ್ಕು ಉಳಿದಿತ್ತು, ಜೋಡಿಸಿ ಅಳೆದ್ರೆ ಒಂದು ಅಂಚು ತೆಳು ಇನ್ನೊಂದು ಅಂಚು ಎರಡೂವರೆ ಮಿಲಿಮೀಟರ್ ಇತ್ತು, ಅಂದ್ರೆ ಒಂದೇ ಬಿಲ್ಲೆಯಲ್ಲೇ ಓರೆ. ಇವತ್ತು ಸ್ಲೈಸರ್ ತಗೊಂಡೆ, ಹತ್ತು ಬಿಲ್ಲೆಗೆ ಒಂದೂವರೆ ಸೆಂಟಿಮೀಟರ್ ಸರಿಯಾಗಿ ಬಂತು. ಎಣ್ಣೆ ಅರ್ಧಕ್ಕಿಂತ ಕೆಳಗೆ.

ಮೊದಲ ಒಬ್ಬೇಲಿ ಗುಳ್ಳೆ ಇಳಿಯೋದು ನನಗೆ ಗೊತ್ತಾಗದೆ ಎರಡನೇ ನಿಮಿಷಕ್ಕೇ ಉಪ್ಪುನೀರು ಹಾಕ್ದೆ, ಜೋರಾಗಿ ಉಕ್ಕಿತು, ಆದ್ರೆ ಎಣ್ಣೆ ಕಮ್ಮಿ ಇದ್ದಿದ್ದರಿಂದ ಅಂಚು ದಾಟಲಿಲ್ಲ. ಎರಡನೇದರಲ್ಲಿ ಸದ್ದು ಕೇಳಿಸ್ಕೊಂಡು ಕಾದೆ, ಮೂರು ನಿಮಿಷ ದಾಟಿದ ಮೇಲೆ ನಿಜವಾಗ್ಲೂ ಸದ್ದು ಇಳೀತು, ಅರ್ಧ ಚಮಚ, ಮತ್ತರ್ಧ ಚಮಚ, ಅರ್ಧ ನಿಮಿಷದಲ್ಲಿ ಚಟಪಟ ನಿಂತೇ ಹೋಯ್ತು, ಐದು ನಿಮಿಷದೊಳಗೆ ತೆಗೆದೆ. ಹಳದಿ, ಗರಿಗರಿ, ಆರು ಗಂಟೆ ಆಯ್ತು ಇನ್ನೂ ಹಾಗೇ ಇದೆ. ಪೂರ್ತಿ ಆರಿದ ಮೇಲೇ ಡಬ್ಬಿಗೆ ಹಾಕ್ದೆ.

ಮೂರನೇದು ಅದೇ ದಪ್ಪ, ಅದೇ ಥರ ಕಾದೆ, ಆದ್ರೂ ಅಲ್ಲಲ್ಲಿ ಕಂದು ಚುಕ್ಕೆ ಬಂತು. ಆ ಕಾಯಿ ಕತ್ತರಿಸಿದಾಗ ಸೊನೆ ಚೆನ್ನಾಗೇ ಸುರಿದಿತ್ತು, ಹಾಗಾಗಿ ಹಣ್ಣಾಗಿತ್ತು ಅನ್ನೋಕೆ ಆಗಲ್ಲ. ತಳದಲ್ಲಿ ಬಿಳಿ ಉಪ್ಪು ಕೂತಿತ್ತು, ಸ್ಲೈಸರಿನಿಂದ ಉದುರಿದ ಚೂರೂ ಕರಕಲಾಗಿತ್ತು. ಅದೇ ಅಂಟಿತಾ, ಇಲ್ಲ ಎಣ್ಣೆ ಜಾಸ್ತಿ ಕಾದಿತ್ತಾ?

—

ಕರಕಲು ಚೂರು ಅಂಟಿದ್ರೆ ಚುಕ್ಕೆ ಉಗುರಲ್ಲಿ ಕೆರೆದ್ರೆ ಬರುತ್ತೆ. ಬರ್ಲಿಲ್ಲ ಅಂದ್ರೆ ಅದು ಬಿಲ್ಲೆಯದೇ ಬಣ್ಣ, ಕಾವು ಏರಿತ್ತು ಅಂತ. ನಾನು ಪ್ರತಿ ಒಬ್ಬೆ ಆದ ಮೇಲೆ ಸಣ್ಣ ಜರಡಿ ಆಡಿಸಿ ಚೂರು ತೆಗೆದೇ ಮುಂದಿನದು ಹಾಕೋದು. ಕೆರೆದು ನೋಡಿ ಹೇಳಿ.

—

ಕೆರೆದೆ. ಕೆಲವು ಬಂತು, ಕೆಲವು ಬರ್ಲಿಲ್ಲ.